ಈಥರ್ ಸೀಸೆಯೋ, ಕ್ಲೋರೋಫಾರ್ಮ್ ಹನಿಯೋ?

ಶಸ್ತ್ರಚಿಕಿತ್ಸೆಗೆ ರೋಗಿಯ ಪ್ರಜ್ಞೆ ತಪ್ಪಿಸಲು 1850ರ ಸರ್ಜನ್ ಈ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕಿತ್ತು? ಎಲ್ಲಿ, ಯಾರ ಕೈಯಲ್ಲಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಬಳಸಲು ಸುಲಭ ಕ್ಲೋರೋಫಾರ್ಮೇ. 1847ರಲ್ಲಿ ಎಡಿನ್‌ಬರೋದ ವೈದ್ಯ ಸಿಂಪ್ಸನ್ ಅದನ್ನು ಹೆರಿಗೆ ನೋವಿಗೆ ತಂದರು. ಸಿಹಿ ವಾಸನೆ, ಕರವಸ್ತ್ರದ ಮೇಲೆ ಒಂದಿಷ್ಟು ಸುರಿದರೆ ಸಾಕು, ಕೆಲವೇ ನಿಮಿಷದಲ್ಲಿ ನಿದ್ದೆ. 1846ರಲ್ಲಿ ಬಾಸ್ಟನ್‌ನಲ್ಲಿ ದಂತವೈದ್ಯ ಮಾರ್ಟನ್ ತೋರಿಸಿದ ಈಥರ್ ಘಾಟು. ಕೆಮ್ಮು, ವಾಂತಿ ತರಿಸುತ್ತದೆ, ನಿಧಾನ. ಅದರ ಆವಿಗೆ ದೀಪದ ಕಿಡಿ ತಗುಲಿದರೆ ಬೆಂಕಿ. ಹಾಗಾಗಿ ಮೇಣದಬತ್ತಿಯ ಬೆಳಕಿನಲ್ಲೋ ಯುದ್ಧದ ಡೇರೆಯಲ್ಲೋ ಆದರೆ ಕ್ಲೋರೋಫಾರ್ಮ್.

ಪ್ರಾಣದ ಲೆಕ್ಕ ಬಂದಾಗ ತಕ್ಕಡಿ ಈಥರ್ ಕಡೆ ವಾಲುತ್ತದೆ. 1848ರ ಜನವರಿಯಲ್ಲಿ ನ್ಯೂಕ್ಯಾಸಲ್ ಹತ್ತಿರ 15 ವರ್ಷದ ಹ್ಯಾನಾ ಗ್ರೀನರ್‌ಗೆ ಕಾಲ್ಬೆರಳ ಉಗುರು ತೆಗೆಯಲು ಕ್ಲೋರೋಫಾರ್ಮ್ ಕೊಟ್ಟರು. ಕೆಲವೇ ನಿಮಿಷದಲ್ಲಿ ಹುಡುಗಿ ತೀರಿಕೊಂಡಳು. ಹಿಂದೆ ಈಥರ್ ಪಡೆದು ಬದುಕಿದ್ದವಳು ಅವಳು! ಕ್ಲೋರೋಫಾರ್ಮ್ ಹೃದಯವನ್ನೇ ಹಠಾತ್ತನೆ ನಿಲ್ಲಿಸಬಲ್ಲದು. ಈಥರ್ ಹೆಚ್ಚಾದರೆ ಸಾಮಾನ್ಯವಾಗಿ ಮೊದಲು ಉಸಿರು ಕುಂದುತ್ತದೆ, ವೈದ್ಯರಿಗೆ ಎಚ್ಚೆತ್ತುಕೊಳ್ಳಲು ಸಮಯ ಸಿಗುತ್ತದೆ. ಕಲಿಯುವ ಕೈಗೆ ಈಥರೇ ಸರಿ. ಲಂಡನ್ನಿನ ವೈದ್ಯ ಜಾನ್ ಸ್ನೋ ಅವರಂತೆ ಆವಿಯನ್ನು ಅಳೆದು ಕೊಡುವವರಿದ್ದರೆ ಕ್ಲೋರೋಫಾರ್ಮ್ ಆಗಬಹುದು.

ಯಾವುದನ್ನೇ ಆರಿಸಿದರೂ ಸರ್ಜನ್‌ಗೆ ಸಿಕ್ಕಿದ್ದು ಸಮಯ. ಮೊದಲು ಕಾಲು ಕತ್ತರಿಸುವುದು ನಿಮಿಷಗಳ ಓಟ. ಈಗ ನಿಧಾನವಾಗಿ ಹೊಟ್ಟೆಯೊಳಗಿನ ಗಡ್ಡೆಗೂ ಕೈಹಾಕಬಹುದಾಯಿತು. ಕೀವನ್ನು ಮಾತ್ರ ಎರಡೂ ತಡೆಯಲಿಲ್ಲ. ಅದಕ್ಕೆ 1867ರಲ್ಲಿ ಸರ್ಜನ್ ಲಿಸ್ಟರ್ ಸೋಂಕು ತಡೆಯುವ ವಿಧಾನ ಪ್ರಕಟಿಸುವವರೆಗೆ ಕಾಯಬೇಕಾಯಿತು.