ಗಾಳಿ ಮೊದಲೋ, ಜರಡಿ ಮೊದಲೋ: ಕುಂಬಳೆಯ ಮಳೆಯಲ್ಲಿ ಎರಡನ್ನೂ ಓಡಿಸಿ ನೋಡಿದ್ದು

ಜುಲೈ ತಿಂಗಳ ಒಂದು ಬೆಳಿಗ್ಗೆ, ಒಣ ಕಸ ಬೇರ್ಪಡಿಸುವ ನಮ್ಮ ಶೆಡ್ಡಿನಲ್ಲಿ ಪ್ಲಾಸ್ಟಿಕ್ ತೊಟ್ಟೆ ಬೇಲ್ ಕಟ್ಟುವ ಅಕ್ಕ ನನ್ನನ್ನು ಕರೆದು ತೋರಿಸಿದರು. ಬರೀ ತೊಟ್ಟೆ ಬೀಳಬೇಕಾದ ಕೋಣೆಯಲ್ಲಿ ತಂಪು ಪಾನೀಯದ ಕ್ಯಾನ್‌ಗಳು. ಒಂದೆರಡಲ್ಲ, ಒಂದು ಬುಟ್ಟಿ ತುಂಬ. "ನಿಮ್ಮ ಮಿಷನ್ನೇ ಹಾರಿಸಿ ತಂದದ್ದು ಮಾರಾಯ್ರೆ" ಎಂದು ನಕ್ಕರು. ನಮಗೆ ಬರುವ ಮಾಲಿನಲ್ಲಿ ಒಳ್ಳೆ ದುಡ್ಡು ಸಿಗುವುದು ಅಲ್ಯೂಮಿನಿಯಂಗೆ. ಅದು ಯಾರಿಗೂ ಬೇಡದ ತೊಟ್ಟೆಯ ಜೊತೆ ಬೇಲ್ ಆಗಿ ಸಿಮೆಂಟ್ ಫ್ಯಾಕ್ಟರಿಯ ಒಲೆಗೆ ಹೋಗುತ್ತಿತ್ತು.

ನಮ್ಮ ಶೆಡ್ ಇರುವುದು ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ. ಹರಿತ ಕರ್ಮ ಸೇನೆಯವರು ಮನೆ ಮನೆಯಿಂದ ತರುವ ಒಣ ಕಸ, ಅಂಗಡಿಗಳ ಕಸ ಎಲ್ಲ ಗೋಣಿಯಲ್ಲಿ ಬರುತ್ತದೆ. ಹೆಸರಿಗೆ ಒಣ ಕಸ. ಜೂನ್‌ನಿಂದ ಅದಕ್ಕೆ ಆ ಹೆಸರು ಹೇಳುವುದೇ ಕಷ್ಟ. ಗಂಟೆಗೆ ಒಂದೂವರೆ ಟನ್ ಓಡುವ ಸಣ್ಣ ಲೈನ್ ನಮ್ಮದು. ಇರುವ ಮಿಷನ್ ನಾಲ್ಕೇ: ಉರುಳುವ ಜರಡಿ, ಅಂದರೆ ಟ್ರಾಮೆಲ್. ಕಬ್ಬಿಣ ಎತ್ತುವ ಮ್ಯಾಗ್ನೆಟ್. ಅಲ್ಯೂಮಿನಿಯಂ ಎಸೆಯುವ ಎಡ್ಡಿ ಕರೆಂಟ್. ತೊಟ್ಟೆ ಹಾರಿಸುವ ಗಾಳಿ ಯಂತ್ರ. ಇದೇ ನಾಲ್ಕನ್ನು ಎರಡು ಬೇರೆ ಕ್ರಮದಲ್ಲಿ ಜೋಡಿಸಿ ಓಡಿಸಿದ್ದೇನೆ. ಜರಡಿಯ ತಗಡು ಬದಲಿಸಿದ್ದು, ಒಂದು ಮ್ಯಾಗ್ನೆಟ್ ಪುಲ್ಲಿ ಸೇರಿಸಿದ್ದು ಬಿಟ್ಟರೆ ಮಿಷನ್ ಅದೇ, ಜಾಗ ಮಾತ್ರ ಬದಲಾಯಿತು.

ಮಿಷನ್ ಮಾರಿದವರ ನಕ್ಷೆಯಲ್ಲಿ ಗಾಳಿ ಮೊದಲು. ಗೋಣಿ ಬಿಚ್ಚಿ ಸುರಿದ ಮಾಲು ನೇರ ಗಾಳಿ ಯಂತ್ರಕ್ಕೆ, ಉಳಿದ ಭಾರದ ಮಾಲು ಟ್ರಾಮೆಲ್‌ಗೆ, ಆಮೇಲೆ ಮ್ಯಾಗ್ನೆಟ್, ಕೊನೆಗೆ ಎಡ್ಡಿ ಕರೆಂಟ್. ಇದು ದಡ್ಡ ನಕ್ಷೆ ಅಂತ ನಾನು ಹೇಳುವುದಿಲ್ಲ. ತೊಟ್ಟೆ ಮೊದಲೇ ಹಾರಿ ಹೋದರೆ ಟ್ರಾಮೆಲ್‌ನ ತೂತುಗಳಿಗೆ ಅಂಟಲು ಏನೂ ಉಳಿಯುವುದಿಲ್ಲ ಅಲ್ವಾ? ಮಾರ್ಚ್, ಏಪ್ರಿಲ್‌ನಲ್ಲಿ ಲೈನ್ ಗಡಿಯಾರದ ಹಾಗೆ ಓಡಿತು. ಗಾಳಿಯ ವೇಗ ಸೆಕೆಂಡಿಗೆ 4 ಮೀಟರ್ ಹತ್ತಿರ ಇಟ್ಟಿದ್ದೆವು. ತೊಟ್ಟೆ ಹಾರುತ್ತಿತ್ತು, ಕ್ಯಾನ್, ಬಾಟ್ಲಿ ಕೆಳಗೆ ಬೀಳುತ್ತಿದ್ದವು.

ಮಳೆ ಹಿಡಿದ ಮೇಲೆ ತೊಟ್ಟೆಗಳು ಹಾರುವುದನ್ನೇ ಬಿಟ್ಟವು. ಮಡಚಿ, ಒಳಗೆ ನೀರು, ಹೊಯಿಗೆ, ಒಂದಷ್ಟು ಎಲೆ ಸೇರಿ ಮುದ್ದೆ. ಮಿಷನ್ ನೋಡಿಕೊಳ್ಳುವ ಹುಡುಗ ಮಾಡಿದ್ದು ಯಾರಾದರೂ ಮಾಡುವುದೇ: ಫ್ಯಾನಿನ ಬಾಗಿಲು ಇನ್ನಷ್ಟು ತೆರೆದ. ತೊಟ್ಟೆ ಮತ್ತೆ ಹಾರಿತು, ಎಲ್ಲರಿಗೂ ಸಮಾಧಾನ. ಕ್ಯಾನ್‌ಗಳೂ ಹಾರುತ್ತಿವೆ ಅಂತ ಗೊತ್ತಾದದ್ದು ಅಕ್ಕ ಬುಟ್ಟಿ ತೋರಿಸಿದ ಮೇಲೆ. ಆವತ್ತು ಮೀಟರ್ ಹಿಡಿದು ಅಳೆದರೆ ಗಾಳಿ 7 ಮೀಟರ್ ದಾಟಿತ್ತು.

ಕಾರಣ ಸರಳ. ಒಂದು ವಸ್ತುವನ್ನು ಗಾಳಿ ಎತ್ತುತ್ತದೋ ಇಲ್ಲವೋ ಎಂಬುದು ಅದರ ತೂಕವೊಂದರಿಂದ ತೀರ್ಮಾನವಾಗುವುದಿಲ್ಲ. ಆ ತೂಕಕ್ಕೆ ಎಷ್ಟು ಅಗಲ ಮೈ ಇದೆ ಎಂಬುದೂ ಸೇರುತ್ತದೆ. ಖಾಲಿ ಕ್ಯಾನ್ 14 ಗ್ರಾಂ ಆಸುಪಾಸು. ಅಡ್ಡ ಬಿದ್ದರೆ ಅಂಗೈ ಅಷ್ಟು ಅಗಲ. ಲೆಕ್ಕ ಹಾಕಿದರೆ ಅದನ್ನು ಎತ್ತಲು ಸೆಕೆಂಡಿಗೆ ಸುಮಾರು 6 ಮೀಟರ್ ಗಾಳಿ ಸಾಕು. ಖಾಲಿ ಪ್ಲಾಸ್ಟಿಕ್ ಬಾಟ್ಲಿಗೆ ಇನ್ನೂ ಕಡಿಮೆ, 5ರ ಹತ್ತಿರ. ಒಣಗಿದ, ಬಿಚ್ಚಿದ ತೊಟ್ಟೆಗೆ ಒಂದೆರಡು ಮೀಟರ್ ಧಾರಾಳ. ಅಂದರೆ ಬೇಸಿಗೆಯಲ್ಲಿ ತೊಟ್ಟೆಗೂ ಕ್ಯಾನಿಗೂ ನಡುವೆ ಒಳ್ಳೆ ಅಂತರ ಇದೆ, ಗಾಳಿಯನ್ನು ಆ ಅಂತರದಲ್ಲಿ ಎಲ್ಲಿ ಇಟ್ಟರೂ ನಡೆಯುತ್ತದೆ. ಒದ್ದೆ ಮುದ್ದೆ ತೊಟ್ಟೆಗೆ 6 ಮೀಟರ್ ಬೇಕಾಗುತ್ತದೆ. ಆಗ ಅಂತರವೇ ಇಲ್ಲ. ಫ್ಯಾನಿನ ಬಾಗಿಲು ಎಷ್ಟು ತಿರುಗಿಸಿದರೂ ಇಲ್ಲದ ಅಂತರ ಹುಟ್ಟುವುದಿಲ್ಲ.

ಗೆರಸೆಯಲ್ಲಿ ಅಕ್ಕಿ ಕೇರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒದ್ದೆ ಜಳ್ಳು ಹಾರುವುದಿಲ್ಲ.

ಹಾಗಾಗಿ ಆಗಸ್ಟ್‌ನಲ್ಲಿ ಹನ್ನೆರಡು ದಿನ ಲೈನ್ ನಿಲ್ಲಿಸಿ ಜರಡಿಯನ್ನು ಮುಂದೆ ತಂದೆವು. ಒಂದು ಬೆಲ್ಟ್ ಕತ್ತರಿಸಿ ಗಿಡ್ಡ ಮಾಡಿದ್ದು, ಇನ್ನೊಂದನ್ನು ಹೊಸತಾಗಿ ಎತ್ತರಿಸಿದ್ದು ಬಿಟ್ಟರೆ ದೊಡ್ಡ ಖರ್ಚಿಲ್ಲ. ಟ್ರಾಮೆಲ್‌ನ ಮೊದಲ ಅರ್ಧಕ್ಕೆ 50 ಮಿಲಿಮೀಟರ್ ತೂತಿನ ತಗಡು, ಎರಡನೇ ಅರ್ಧಕ್ಕೆ 150 ಮಿಲಿಮೀಟರ್. ಮೊದಲ ಅರ್ಧದಲ್ಲಿ ಹೊಯಿಗೆ, ಗಾಜಿನ ಚೂರು, ಎಲೆ, ಬಾಟ್ಲಿ ಮುಚ್ಚಳ ಕೆಳಗೆ ಬೀಳುತ್ತವೆ. ಎರಡನೆಯದರಲ್ಲಿ ಕ್ಯಾನ್, ಬಾಟ್ಲಿ, ಸಣ್ಣ ತೊಟ್ಟೆ. ತುದಿಯಿಂದ ಹೊರಬರುವುದು ರಟ್ಟು, ಬಟ್ಟೆ, ದೊಡ್ಡ ಶೀಟು. ಅದು ಗಾಳಿಗೆ ಹೋಗುವುದೇ ಇಲ್ಲ, ಸೀದಾ ಕೈಯಲ್ಲಿ ಹೆಕ್ಕುವ ಬೆಲ್ಟಿಗೆ. ಗಾಳಿಗೆ ಹೋಗುವುದು ನಡುವಿನ ಮಾಲು ಮಾತ್ರ. ದೊಡ್ಡದು ಚಿಕ್ಕದರ ಮೂರು ಪಾಲಿಗಿಂತ ಜಾಸ್ತಿ ಇರಬಾರದು ಎಂಬುದು ಗಾಳಿ ಯಂತ್ರದವರ ಹಳೆ ಲೆಕ್ಕ, 50ರಿಂದ 150 ಅದಕ್ಕೆ ಸರಿಯಾಯಿತು.

ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಟ್ರಾಮೆಲ್ ಒಳಗೆ ಮಾಲು ಎತ್ತಿ ಎತ್ತಿ ಬೀಳುವಾಗ ತೊಟ್ಟೆಯ ಮುದ್ದೆ ಬಿಚ್ಚಿಕೊಳ್ಳುತ್ತದೆ. ಒಳಗಿನ ಹೊಯಿಗೆ, ನೀರು ಇಳಿದು ಹೋಗುತ್ತದೆ. ಒಣಗುವುದಿಲ್ಲ, ಹಗುರವಾಗುತ್ತದೆ. ಮಳೆಯಲ್ಲೂ 5 ಮೀಟರ್ ಒಳಗೆ ಗಾಳಿ ಇಟ್ಟು ಓಡಿಸಲು ಆಯಿತು.

ಸುಮ್ನೆ ಕಣ್ಣಂದಾಜಿಗೆ ಹೇಳಬಾರದು ಅಂತ ಲೆಕ್ಕ ಇಟ್ಟಿದ್ದೇನೆ. ಲೈನ್ ಬದಲಿಸುವ ಮೊದಲು 100 ಕ್ಯಾನ್‌ಗೆ ನೀಲಿ ಪೇಂಟ್ ಬಳಿದು, ಅರ್ಧವನ್ನು ಕಾಲಲ್ಲಿ ತುಳಿದು ಚಪ್ಪಟೆ ಮಾಡಿ, ಒಂದು ಗಂಟೆಯ ಮಾಲಿನಲ್ಲಿ ಬೆರೆಸಿ ಬಿಟ್ಟೆವು. ಅಲ್ಯೂಮಿನಿಯಂ ಡಬ್ಬಕ್ಕೆ ಬಂದದ್ದು 63. ತೊಟ್ಟೆಯ ಜೊತೆ ಹಾರಿದ್ದು 26, ಅದರಲ್ಲಿ ಹೆಚ್ಚಿನವು ಚಪ್ಪಟೆ. ಉಳಿದ 11 ಕೊನೆಯ ಕಸದಲ್ಲಿ. ಲೈನ್ ಬದಲಿಸಿದ ಮೇಲೆ, ಅಂಥದ್ದೇ ಮಳೆಯ ದಿನ, ಅಂಥದ್ದೇ ಮಾಲಿನಲ್ಲಿ ಮತ್ತೆ 100. ಡಬ್ಬಕ್ಕೆ 90. ತೊಟ್ಟೆಯಲ್ಲಿ 4, ಕೊನೆಯ ಕಸದಲ್ಲಿ 4. ಒಂದೊಂದೇ ಸಲದ ಪರೀಕ್ಷೆ ಇದು, ಮೂರು ನಾಲ್ಕು ಅಂಕಿ ಆಚೀಚೆ ಆಗಬಹುದು. 26ಕ್ಕೂ 4ಕ್ಕೂ ಇರುವ ವ್ಯತ್ಯಾಸ ಆಚೀಚೆಯದ್ದಲ್ಲ.

ಎಡ್ಡಿ ಕರೆಂಟ್ ಎರಡೂ ಕ್ರಮದಲ್ಲಿ ಕೊನೆಯಲ್ಲೇ ಇತ್ತು, ಅದನ್ನು ಮುಂದೆ ತರಲು ನೋಡುವುದೇ ಬೇಡ. ಬೆಲ್ಟಿನ ತುದಿಯ ಡ್ರಮ್ಮಿನ ಒಳಗೆ ಮ್ಯಾಗ್ನೆಟ್ ರೋಟರ್ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುತ್ತದೆ, ಮೇಲೆ ಬಂದ ಅಲ್ಯೂಮಿನಿಯಂ ತನ್ನಷ್ಟಕ್ಕೆ ಮುಂದಕ್ಕೆ ಹಾರುತ್ತದೆ. ಕ್ಯಾನ್ ಮೇಲೆ ತೊಟ್ಟೆ ಹೊದ್ದು ಕೂತರೆ ಆ ಹಾರಾಟ ಅರ್ಧಕ್ಕೇ ನಿಲ್ಲುತ್ತದೆ. ಮಾಲು ಒಂದೇ ಪದರದಲ್ಲಿ ಬರಬೇಕು. ಮೊದಲ ಪರೀಕ್ಷೆಯ 11 ಕ್ಯಾನ್ ಕೊನೆಯ ಕಸಕ್ಕೆ ಹೋದದ್ದಕ್ಕೆ ನಾನು ಕೊಡುವ ಕಾರಣ ಇದೇ.

ಮ್ಯಾಗ್ನೆಟ್ಟಿನ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆ ಕ್ರಮದಲ್ಲೂ ಅದು ಎಡ್ಡಿ ಕರೆಂಟಿಗಿಂತ ಮೊದಲೇ ಇತ್ತು. ಆದರೂ ಒಂದು ದಿನ ಎಡ್ಡಿ ಕರೆಂಟಿನಿಂದ ಟಿಕ್ ಟಿಕ್ ಶಬ್ದ, ಆಮೇಲೆ ಸುಟ್ಟ ರಬ್ಬರಿನ ವಾಸನೆ. ನಿಲ್ಲಿಸಿ ಬೆಲ್ಟ್ ಸಡಿಲಿಸಿ ನೋಡಿದರೆ ಬೆಲ್ಟಿನ ಒಳಬದಿಯಲ್ಲಿ ಒಂದು ಸೋಡಾ ಬಾಟ್ಲಿಯ ಮುಚ್ಚಳ. ಅಂಚಿನಿಂದ ಒಳಗೆ ನುಸುಳಿ ಡ್ರಮ್ಮಿಗೆ ಅಂಟಿಕೊಂಡಿತ್ತು. ಕಬ್ಬಿಣವನ್ನು ರೋಟರ್ ಎಸೆಯುವುದಿಲ್ಲ, ಹಿಡಿದುಕೊಳ್ಳುತ್ತದೆ, ಕೆಳಗೆ ಮ್ಯಾಗ್ನೆಟ್ ತಿರುಗುವಷ್ಟೂ ಹೊತ್ತು ಅದು ಬಿಸಿಯಾಗುತ್ತಲೇ ಇರುತ್ತದೆ. ಡ್ರಮ್ಮಿನ ಫೈಬರ್ ಹೊದಿಕೆಯಲ್ಲಿ ಎಂಟಾಣೆ ನಾಣ್ಯದಷ್ಟು ಅಗಲಕ್ಕೆ ಸುಟ್ಟ ಗುಳಿ. ಇನ್ನರ್ಧ ಗಂಟೆ ಓಡಿದ್ದರೆ ತೂತು ಬಿದ್ದು ರೋಟರಿಗೇ ತಾಗುತ್ತಿತ್ತು.

ಮ್ಯಾಗ್ನೆಟ್ ಇದ್ದೂ ಮುಚ್ಚಳ ಹೇಗೆ ದಾಟಿತು? ಬೆಲ್ಟಿನ ಮೇಲೆ ಒಂದಡಿ ಎತ್ತರದಲ್ಲಿ ತೂಗುವ ಮ್ಯಾಗ್ನೆಟ್ ನಮ್ಮದು. ಒದ್ದೆ ಮಾಲಿನ ರಾಶಿಯ ಅಡಿಯಲ್ಲಿ ಹೂತ ಎರಡು ಗ್ರಾಂ ಮುಚ್ಚಳವನ್ನು ಅಲ್ಲಿಂದ ಎಳೆಯಲು ಅದಕ್ಕೆ ಆಗುವುದಿಲ್ಲ. ಹಳೆ ಕ್ರಮದಲ್ಲೂ ಟ್ರಾಮೆಲ್ ಅದನ್ನು ಉದುರಿಸಬೇಕಿತ್ತು ನಿಜ, ಆದರೆ ಗಾಳಿಯಲ್ಲಿ ಹಾರದ ಒದ್ದೆ ಮುದ್ದೆಗಳ ಒಳಗೆ ಕೂತು ಮುಚ್ಚಳಗಳು ಜರಡಿ ದಾಟುತ್ತಿದ್ದವು. ನಮ್ಮ ಜರಡಿಯ ತಗಡೂ ಆಗ ಪೂರ್ತಿ 100 ಮಿಲಿಮೀಟರ್ ತೂತಿನದು, ಅಂದರೆ ಮುಚ್ಚಳವೂ ಕ್ಯಾನೂ ಒಟ್ಟಿಗೇ ಬೀಳುತ್ತಿದ್ದವು. ಈಗ ಮುಚ್ಚಳ 50ರ ತೂತಿನಲ್ಲೇ ಇಳಿಯುತ್ತದೆ. ಆ ಸಣ್ಣ ಮಾಲಿನ ಬೆಲ್ಟಿನ ತುದಿಗೆ ಒಂದು ಮ್ಯಾಗ್ನೆಟ್ ಪುಲ್ಲಿ ಹಾಕಿದೆವು. ಅಲ್ಲಿ ಕಬ್ಬಿಣ ಮ್ಯಾಗ್ನೆಟ್ಟಿಗೆ ತಾಗಿಕೊಂಡೇ ಬರುವ ಕಾರಣ ಸಣ್ಣದೂ ತಪ್ಪುವುದಿಲ್ಲ. ಕಬ್ಬಿಣದ ಜೊತೆ ಸ್ವಲ್ಪ ಎಲೆ, ಹೊಯಿಗೆ ಸಿಕ್ಕಿ ಬರುತ್ತದೆ, ಗುಜರಿಯವರು ಅದಕ್ಕೆ ತೂಕದಲ್ಲಿ ಕಡಿತ ಹಿಡಿಯುತ್ತಾರೆ. ಹಿಡಿಯಲಿ.

ಹೊಸ ಕ್ರಮದ ತಲೆನೋವು ಏನು ಅಂತ ಕೇಳಿದರೆ, ಸುತ್ತಿಕೊಳ್ಳುವುದು. ಹಗ್ಗ, ಸೀರೆ, ವೈರು, ಕಡಲ ಬದಿಯ ವಾರ್ಡ್‌ಗಳಿಂದ ಬರುವ ಬಲೆಯ ತುಂಡು ಎಲ್ಲ ಈಗ ಮೊದಲು ಟ್ರಾಮೆಲ್‌ಗೇ ಹೋಗುತ್ತವೆ. ದಿನಕ್ಕೆ ಒಂದು ಸಲ ಮೇನ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ಒಳಗೆ ಹೋಗುವವನ ಕಿಸೆಯಲ್ಲೇ ಇಟ್ಟು, ಕತ್ತಿ ಹಿಡಿದು ಇಳಿಯಬೇಕು. ಮುಕ್ಕಾಲು ಗಂಟೆಯ ಕೆಲಸ. ಗಾಳಿ ಮೊದಲಿದ್ದಾಗ ವಾರಕ್ಕೆ ಎರಡು ಸಲ ಸಾಕಾಗುತ್ತಿತ್ತು.

ಸುತ್ತುವುದು ಕಡಿಮೆಯಾಗಲಿ ಅಂತ ಮೊದಲು ಡ್ರಮ್ ಜೋರಾಗಿ ತಿರುಗಿಸಿದೆವು, ಅದು ತಪ್ಪು. ಒಂದು ವೇಗ ದಾಟಿದರೆ ಮಾಲು ಬೀಳದೆ ಗೋಡೆಗೆ ಅಂಟಿಕೊಂಡೇ ಸುತ್ತುತ್ತದೆ. ಆ ವೇಗದ ಲೆಕ್ಕ `42.3 / √D`, ಇಲ್ಲಿ `D` ಅಂದರೆ ಮೀಟರಿನಲ್ಲಿ ಡ್ರಮ್ಮಿನ ಅಡ್ಡಳತೆ. ನಮ್ಮದು ಒಂದೂವರೆ ಮೀಟರ್, ಹಾಗಾಗಿ ನಿಮಿಷಕ್ಕೆ 34 ಸುತ್ತಿನ ಮೇಲೆ. 22ಕ್ಕೆ ಇಟ್ಟಾಗ ಮಾಲು ಮೇಲಿಂದ ಎದುರಿನ ಗೋಡೆಗೆ ಅಪ್ಪಳಿಸಿ, ಗಾಜು ಪುಡಿಯಾಗಿ ತೊಟ್ಟೆಗೆ ಚುಚ್ಚಿಕೊಂಡಿತು. ಈಗ 14ರಲ್ಲಿದೆ. ಪಕ್ಕದ ಕಿಟಕಿಯಿಂದ ನೋಡಿದರೆ ಮಾಲು ಅಲೆಯ ಹಾಗೆ ಮಗುಚಿ ಬೀಳುವುದು ಕಾಣಬೇಕು.

ಇನ್ನೊಂದು ನಷ್ಟ: ಬ್ರಾಂದಿ ಬಾಟ್ಲಿಯ ಅಲ್ಯೂಮಿನಿಯಂ ಮುಚ್ಚಳಗಳು. ಅವೂ 50ರ ತೂತಿನಲ್ಲಿ ಇಳಿದು ಹೊಯಿಗೆ ಸೇರುತ್ತವೆ, ಎಡ್ಡಿ ಕರೆಂಟ್ ಅವುಗಳ ಮುಖ ನೋಡುವುದೇ ಇಲ್ಲ. ತೂತು 25ಕ್ಕೆ ಇಳಿಸಿ ನೋಡಿದೆವು. ಮಳೆಯಲ್ಲಿ ಎರಡೇ ದಿನಕ್ಕೆ ತಗಡು ಕೆಸರು ಮೆತ್ತಿ ಮುಚ್ಚಿಹೋಯಿತು. ಸದ್ಯಕ್ಕೆ ಆ ಮುಚ್ಚಳಗಳ ಆಸೆ ಬಿಟ್ಟಿದ್ದೇನೆ.

ಮಾಲು ವರ್ಷವಿಡೀ ಮಾಡಿನ ಅಡಿಯಲ್ಲೇ ಇದ್ದು ಒಣಗಿಯೇ ಬರುತ್ತದೆ, ಹೆಚ್ಚಿನದು ತೊಟ್ಟೆಯೇ ಎಂದಾದರೆ ನಾನು ಗಾಳಿಯನ್ನೇ ಮೊದಲು ಇಡುತ್ತಿದ್ದೆ. ದಿನಾ ಕತ್ತಿ ಹಿಡಿದು ಇಳಿಯುವ ಕೆಲಸ ಯಾರಿಗೆ ಬೇಕು? ನಮ್ಮ ಕಡೆ ಜೂನ್‌ನಿಂದ ತುಲಾ ಮಳೆ ಮುಗಿಯುವ ತನಕ ಅರ್ಧ ವರ್ಷ ಒದ್ದೆ, ಹಾಗಾಗಿ ಜರಡಿ ಮುಂದೆಯೇ ಇರುತ್ತದೆ.

ಎರಡನೇ ಪರೀಕ್ಷೆಯ ಲೆಕ್ಕ ಕೂಡಿಸಿ ನೋಡಿದವರಿಗೆ ಗೊತ್ತಾಗಿರಬಹುದು, 98ಕ್ಕೇ ನಿಲ್ಲುತ್ತದೆ. ಎರಡು ನೀಲಿ ಕ್ಯಾನ್ ಇನ್ನೂ ಸಿಕ್ಕಿಲ್ಲ. ಟ್ರಾಮೆಲ್‌ಗೆ ಸುತ್ತಿದ ಬಲೆಯ ಒಳಗೆ ಇರಬೇಕು ಅಂತ ಹುಡುಗ ಹೇಳುತ್ತಾನೆ. ಅಕ್ಕನಿಗೆ ನನ್ನ ಎಣಿಕೆಯ ಮೇಲೆ ಸಂಶಯ.