ವೆಬ್‌ಸೈಟಾ, ಎರಡು ಪುಟದ ಪಿಡಿಎಫ್ಫಾ?

ಅನುವಾದಕರು ಸ್ಯಾಂಪಲ್ ತೋರಿಸದೆ ಕೆಲಸ ಸಿಗುವುದಿಲ್ಲ. ಶಿರಸಿಯಲ್ಲಿ ಕೂತು ನಾನು ಎರಡನ್ನೂ ಬಳಸಿ ನೋಡಿದೆ: ದುಡ್ಡು ಕೊಟ್ಟು ಮಾಡಿಸಿದ ವೆಬ್‌ಸೈಟ್, ನಾನೇ ಮಾಡಿಕೊಂಡ ಎರಡು ಪುಟದ ಪಿಡಿಎಫ್. ಕೆಲಸ ತಂದಿದ್ದು ಪಿಡಿಎಫ್. ವೆಬ್‌ಸೈಟ್ ಮೊದಲ ವರ್ಷ ಅಗ್ಗ, ಎರಡನೇ ವರ್ಷದ ಬಿಲ್ ನೋಡಿ ಬಿಟ್ಟುಬಿಟ್ಟೆ.

ನೋಡಲು ವೆಬ್‌ಸೈಟೇ ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಕರ್ಣದ ಹೋಮ್‌ಸ್ಟೇಯವರು ಲಿಂಕ್ ಒತ್ತುವುದಿಲ್ಲ, ವಾಟ್ಸಾಪಲ್ಲಿ "ಸ್ಯಾಂಪಲ್ ಕಳ್ಸಿ" ಅಂತಾರೆ. ಅನುವಾದದ ಏಜೆನ್ಸಿಯವರಿಗೂ ತಮ್ಮ ಪರಿಶೀಲಕರಿಗೆ ದಾಟಿಸಲು ಫೈಲೇ ಬೇಕು.

ತಲೆ ತಿಂದದ್ದು ಫಾಂಟು. ಹಳೆಯ ಕೆಲಸವೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಆಗಿತ್ತು. ವೆಬ್‌ಸೈಟಿಗೆ ಹಾಕಿದರೆ "ಕನ್ನಡ" ಇದ್ದಲ್ಲಿ PÀ£ÀßqÀ ಅಂತ ಬಂತು. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತವೆ. ಫಾಂಟ್ ಇಲ್ಲದ ಕಡೆ ಒಳಗಿನ ಅಕ್ಷರ ಹೊರಗೆ ಬೀಳುತ್ತದೆ.

ಪಿಡಿಎಫ್ ಫಾಂಟನ್ನು ಜೊತೆಗೇ ಹೊತ್ತು ಹೋಗುವುದರಿಂದ ಕಣ್ಣಿಗೆ ಎಲ್ಲ ಸರಿ ಕಾಣುತ್ತದೆ. ಆದರೆ ಪರಿಶೀಲಕರು ಒಂದು ಸಾಲು ಕಾಪಿ ಮಾಡಿದರೆ ಮತ್ತೆ ಅದೇ ಕಸ. ಹಾಗಾಗಿ ಕಳಿಸುವ ಮೊದಲು ಒಂದು ಸಾಲನ್ನು ನೋಟ್‌ಪ್ಯಾಡಿಗೆ ಅಂಟಿಸಿ ನೋಡಬೇಕು. ಕಸ ಬಂದರೆ ಫಾಂಟ್ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಬೇಕು. ಅಲ್ಲಿಗೂ ಮುಗಿಯಲಿಲ್ಲ: ನಡುವೆ ಇದ್ದ ಇಂಗ್ಲಿಷ್ ಹೆಸರುಗಳನ್ನೂ ಅದು ಕನ್ನಡದ ಚೂರು ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಒತ್ತು, ಅರ್ಕಾವತ್ತು ಕೂಡ ಒಮ್ಮೊಮ್ಮೆ ಜಾಗ ತಪ್ಪುತ್ತವೆ. ಪೂರ್ತಿ ಓದಲೇಬೇಕು. ಯೂನಿಕೋಡಿನ ಪಿಡಿಎಫ್ಫಿನಿಂದ ಕಾಪಿ ಮಾಡಿದಾಗಲೂ ಗುಣಿತ ಆಚೀಚೆ ಆಗುವುದುಂಟು. ಅದಕ್ಕೇ ಜೊತೆಗೆ ವರ್ಡ್ ಫೈಲನ್ನೂ ಕಳಿಸುತ್ತೇನೆ.

ಮೊದಲ ಪುಟದಲ್ಲಿ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಗ್ರಾಹಕರ ಗುಟ್ಟಿನ ಕಾಗದ ತೋರಿಸುವ ಹಾಗಿಲ್ಲ, ಹಾಗಾಗಿ ಇಂಗ್ಲಿಷ್ ಸೂಚನೆಯನ್ನೂ ನಾನೇ ಬರೆದೆ: ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ. 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಅಳತೆ, ಕ್ರಮ, ಎಚ್ಚರಿಕೆ ಮೂರೂ ಇರುವುದರಿಂದ ಅನುವಾದಕನ ಕೈ ಇದರಲ್ಲೇ ಗೊತ್ತಾಗುತ್ತದೆ. "ಎಲ್ಲ ವಿಷಯವೂ ಮಾಡುತ್ತೇನೆ" ಅಂದರೆ ಯಾರೂ ನಂಬುವುದಿಲ್ಲ. ನಾನು ಬರೆದಿರುವುದು ಕೃಷಿ, ಪ್ರವಾಸ, ಸಹಕಾರಿ ಸಂಘದ ಕಾಗದಪತ್ರ, ಅಷ್ಟೇ.

ಎರಡನೇ ಪುಟದಲ್ಲಿ ಗಡುವು: ದಿನಕ್ಕೆ 2000 ಪದ, ಮೂಲದ ಇಂಗ್ಲಿಷ್ ಲೆಕ್ಕದಲ್ಲಿ. ಮೂಲದ್ದು ಅಂತ ಬರೆಯದಿದ್ದರೆ ನಷ್ಟ ನಮಗೇ. ವಿಭಕ್ತಿ ಪದಕ್ಕೇ ಅಂಟುವುದರಿಂದ ಕನ್ನಡದಲ್ಲಿ ಪದಗಳ ಎಣಿಕೆ ಕಡಿಮೆ ಬರುತ್ತದೆ. ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ, ಆಗ 1500 ಅಂತ ಹಾಕುತ್ತೇನೆ. ವೆಬ್‌ಸೈಟಿನಲ್ಲಿ ಈ ಅಂಕಿ ಬದಲಿಸಲು ಮಾಡಿಕೊಟ್ಟವರಿಗೆ ಫೋನ್ ಮಾಡಬೇಕಿತ್ತು!

ತಿಂಗಳಿಗೆ ನಾಲ್ಕಾರು ಕೆಲಸ ಮಾಡುವ ನನಗೆ ಪಿಡಿಎಫ್ ಸಾಕು. ನಾಲ್ಕೈದು ಜನ ಸೇರಿ ತಂಡ ಕಟ್ಟಿದವರಾದರೆ ವೆಬ್‌ಸೈಟ್ ಮಾಡಿಸಲಿ, ಆದರೆ ಎರಡನೇ ವರ್ಷದ ದರ ಮೊದಲೇ ಕೇಳಿಕೊಳ್ಳಲಿ.