ಲ್ಯಾಪ್‌ಟಾಪ್‌ಗೆ ಎರಡನೇ 8 ಜಿಬಿ ರ‍್ಯಾಮ್: ಎರಡು ಮಳೆಗಾಲ ಬಳಸಿದ ಮೇಲೆ

ಬದಿಯಡ್ಕದಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ ಇಂಥವೇ ಕೆಲಸ. ಲ್ಯಾಪ್‌ಟಾಪಿನ ಪ್ರೊಸೆಸರ್ i5-10210U. ಎರಡು ಸ್ಲಾಟ್ ಇದ್ದು ಒಂದರಲ್ಲಿ ಮಾತ್ರ 8 ಜಿಬಿ ಇತ್ತು. ಫೋಟೋಶಾಪ್, ಬ್ರೌಸರ್ ಎರಡೂ ತೆರೆದರೆ ಸಾಕು, ಮೌಸ್ ಕೂಡ ತಡವಾಗಿ ಚಲಿಸುತ್ತಿತ್ತು.

ಕೊಳ್ಳುವ ಮೊದಲು ಹಿಂಬದಿ ಬಿಚ್ಚಿ ಹಳೆಯ ರ‍್ಯಾಮ್‌ನ ಲೇಬಲ್ ಫೋಟೋ ತೆಗೆದುಕೊಂಡೆ. `8GB 1Rx8 PC4-2666V` ಎಂದಿತ್ತು. `PC4` ಅಂದರೆ ಡಿಡಿಆರ್4. ಡಿಡಿಆರ್3, ಡಿಡಿಆರ್5 ಈ ಸ್ಲಾಟಿಗೆ ಕೂರುವುದೇ ಇಲ್ಲ, ಕಚ್ಚಿನ ಜಾಗ ಬೇರೆ. `2666` ವೇಗ. ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ `1Rx8` ಅನ್ನೂ ನೋಡಲೇಬೇಕು.

ಕಾಸರಗೋಡು ಪೇಟೆಯ ಅಂಗಡಿಯಲ್ಲಿ ಮೊದಲು ಕೊಟ್ಟದ್ದು `1Rx16`. “ಎರಡೂ ಒಂದೇ ಮಾರಾಯ್ರೆ, ಎಂಟು ಜಿಬಿ ಅಲ್ವಾ” ಎಂದರು. ಜಿಬಿ ಒಂದೇ, ಒಳಗಿನ ಜೋಡಣೆ ಬೇರೆ. ಎರಡರಲ್ಲೂ ಒಂದೇ ರ‍್ಯಾಂಕ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದೇ ತಂಡ. ಆದರೆ `1Rx8`ನಲ್ಲಿ ಎಂಟು ಚಿಪ್, `1Rx16`ನಲ್ಲಿ ನಾಲ್ಕೇ. ಚಿಪ್‌ನೊಳಗೆ ಮಾಹಿತಿ ಇಡುವ ವಿಭಾಗಗಳ ಗುಂಪಿಗೆ ಬ್ಯಾಂಕ್ ಗುಂಪು ಎನ್ನುತ್ತಾರೆ. ಡಿಡಿಆರ್4ರ x16 ಚಿಪ್‌ನಲ್ಲಿ ಅದು ಎರಡು, x8ರಲ್ಲಿ ನಾಲ್ಕು. ಗುಂಪು ಕಡಿಮೆಯಾದರೆ ಒಂದರ ಹಿಂದೆ ಒಂದು ಬರುವ ಕೋರಿಕೆಗಳು ಹೆಚ್ಚು ಕಾಯಬೇಕು. ಹಾಕಿದರೆ ಸಾಮಾನ್ಯವಾಗಿ ನಡೆಯುತ್ತದೆ, ಸ್ವಲ್ಪ ನಿಧಾನ ಅಷ್ಟೆ. ಅದೇ ಹಣಕ್ಕೆ ಸರಿಯಾದದ್ದು ಸಿಗುವಾಗ ಅದೇಕೆ? ಕೇಳಿದ್ದಕ್ಕೆ ಒಳಗಿನಿಂದ ಹುಡುಕಿ `1Rx8 PC4-3200AA` ಕೊಟ್ಟರು. ಒಂದೇ ಕಂಪನಿಯ, ಒಂದೇ ಹೆಸರಿನ ಮಾಲಿನಲ್ಲೂ ಎರಡೂ ಬಗೆ ಬರುತ್ತವೆ. ಹಾಗಾಗಿ ಬ್ರ್ಯಾಂಡ್ ಹೇಳದೆ ಲೇಬಲ್ ನೋಡಿ ಎನ್ನುತ್ತಿದ್ದೇನೆ.

3200 ಹಾಕಿದರೂ ನನ್ನದು 2666ರಲ್ಲೇ ಓಡುತ್ತದೆ. ಈ ಪ್ರೊಸೆಸರಿಗೆ ಡಿಡಿಆರ್4ರಲ್ಲಿ ಅಷ್ಟೇ ಮಿತಿ. ವೇಗಕ್ಕೆಂದು ಜಾಸ್ತಿ ಹಣ ಕೊಡಬೇಡಿ.

ಕೂರಿಸುವಾಗ ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಕನೆಕ್ಟರನ್ನೂ ಬಿಡಿಸಿ. ರ‍್ಯಾಮನ್ನು ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಕಚ್ಚಿಕೊಳ್ಳುತ್ತದೆ. ಚಿನ್ನದ ಬಣ್ಣದ ಅಂಚು ಎದ್ದು ಕಂಡರೆ ಸರಿಯಾಗಿ ಕೂತಿಲ್ಲ. ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು. ಯಂತ್ರ ಹೊಸ ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ, ಗಾಬರಿಯಲ್ಲಿ ಪವರ್ ಬಟನ್ ಒತ್ತಬೇಡಿ. ಆ ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ ಮಲಗಿದೆ. ಬೆಳಿಗ್ಗೆ ಒಂದೂ ದೋಷ ಇರಲಿಲ್ಲ. ಒಂದೇ ಒಂದು ದೋಷ ಕಂಡರೂ ರ‍್ಯಾಮ್ ಬದಲಿಸಿಕೊಳ್ಳಿ.

ಈಗ ಎರಡು ಮಳೆಗಾಲ ಕಳೆದಿದೆ. ನಮ್ಮ ಕಡೆಯ ತೇವಕ್ಕೂ ತೊಂದರೆ ಕೊಟ್ಟಿಲ್ಲ, ನೀಲಿ ಪರದೆ ಬಂದಿಲ್ಲ. ಜಾಗ ಹೆಚ್ಚಿದ್ದಷ್ಟೇ ಅಲ್ಲ, ಎರಡು ಚಾನೆಲ್ ಸಿಕ್ಕಿ ಎರಡೂ ರ‍್ಯಾಮ್‌ನಿಂದ ಒಟ್ಟಿಗೆ ಮಾಹಿತಿ ಹರಿಯುವುದರಿಂದ ದೊಡ್ಡ ಫ್ಲೆಕ್ಸ್ ಫೈಲು ಹಿಗ್ಗಿಸಿ ಕುಗ್ಗಿಸುವುದೂ ಹಗುರವಾಯಿತು. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರದಲ್ಲಿ ಚಿತ್ರದ ಕೆಲಸಕ್ಕೂ ಇದೇ ರ‍್ಯಾಮ್ ಬೇಕಲ್ಲ.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. `1Rx8` ಎಂಬ ವಿವರ ಪೆಟ್ಟಿಗೆಯ ಹೊರಗೆ ಇರಲಿಲ್ಲ, ಅದಕ್ಕೇ ಅರ್ಧ ಕಡಿಮೆ. ಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರಿನ Memory ಪುಟ ನೋಡಿ. Form factor ಎದುರು `SODIMM` ಇದ್ದರೆ ಮುಂದುವರಿಯಿರಿ. `Row of chips` ಎಂದಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸೆದದ್ದು, ಅದನ್ನು ಬದಲಿಸಲಾಗದು. ಜೊತೆಗೆ ಖಾಲಿ ಸ್ಲಾಟ್ ಇದೆಯೇ ಎಂದು ಬಿಚ್ಚಿಯೇ ನೋಡಬೇಕು.